ಹೆಡ್ಮಾಸ್ಟ್ರ ಬೆಳಗಿನ ನಮಸ್ಕಾರ: ಒಂದು ನಿಮಿಷದ ಮಾತು ಕಟ್ಟುವುದು ಹೇಗೆ?

ನಾನು ಮುಖ್ಯ ಶಿಕ್ಷಕನಾಗಿ ಮೊದಲ ದಿನ ಪ್ರಾರ್ಥನೆಯಲ್ಲಿ ಮೈಕ್ ಹಿಡಿದಾಗ ಆಡಿದ್ದು ತಡವಾಗಿ ಬರುವವರ ಬಗ್ಗೆ. ಪೂರ್ತಿ ಆರು ನಿಮಿಷ. ಮುಗಿಸಿ ಇಳಿದಾಗ ಹಿರಿಯ ಮೇಡಂ ಒಬ್ಬರು ಮೆಲ್ಲಗೆ ಅಂದರು, ‘ಸಾರ್, ಬೈಸಿಕೊಂಡವರೆಲ್ಲ ಟೈಮಿಗೆ ಬಂದವರು. ಲೇಟಾದವರು ಇನ್ನೂ ಗೇಟಿನ ಆಚೆ ಇದ್ದಾರೆ.’

ತಿರುಗಿ ನೋಡಿದೆ. ನಿಜ. ಏಳೆಂಟು ಹುಡುಗರು ಗೇಟಿನ ಕಂಬಿ ಹಿಡಿದು ಒಳಗಿನ ತಮಾಷೆ ನೋಡುತ್ತಿದ್ದರು.

ಆಮೇಲೆ ಹಲವು ವರ್ಷ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆ ಜಾಗದಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪೂರ್ತಿ ಭಾಷಣದ ವಿಷಯ ಇದಲ್ಲ. ಬೆಳಗ್ಗೆ ಮಕ್ಕಳಿಗೂ ಮೇಷ್ಟ್ರುಗಳಿಗೂ ಹೇಳುವ ಒಂದು ನಮಸ್ಕಾರ, ಅದರ ಹಿಂದೆ ನಾಲ್ಕು ಮಾತು, ಅಷ್ಟೇ.

ಮೊದಲು ಮಕ್ಕಳ ಕಾಲಿನ ಲೆಕ್ಕ

ನಮ್ಮ ಶಾಲೆಗಳ ಪ್ರಾರ್ಥನೆಯನ್ನು ಒಮ್ಮೆ ಗಡಿಯಾರ ಹಿಡಿದು ನೋಡಿ. ಪ್ರಾರ್ಥನಾ ಗೀತೆ. ನಾಡಗೀತೆ, 2022ರ ಆದೇಶದಂತೆ ಎರಡೂವರೆ ನಿಮಿಷ. 2023ರಿಂದ ಸಂವಿಧಾನದ ಪೀಠಿಕೆಯ ಓದು. ಪ್ರತಿಜ್ಞೆ, ಪಂಚಾಂಗ, ಪತ್ರಿಕೆಯ ಸುದ್ದಿ, ಗಾದೆ ಮಾತು. ಕೊನೆಗೆ 52 ಸೆಕೆಂಡಿನ ರಾಷ್ಟ್ರಗೀತೆ. ಹೆಡ್ಮಾಸ್ಟ್ರ ಮಾತು ಸಾಮಾನ್ಯವಾಗಿ ರಾಷ್ಟ್ರಗೀತೆಯ ಹಿಂದಿನ ಜಾಗದಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಒಂದನೇ ಕ್ಲಾಸಿನ ಮಗು ಹತ್ತು ಹನ್ನೆರಡು ನಿಮಿಷ ನಿಂತಾಗಿರುತ್ತದೆ. ಮನೆಯಲ್ಲಿ ತಿಂಡಿ ತಿನ್ನದೆ ಬಂದ ಮಕ್ಕಳೂ ಆ ಸಾಲಿನಲ್ಲಿ ಇರುತ್ತಾರೆ. ಪ್ರಾರ್ಥನೆ ಮುಗಿದರೆ ಹಾಲು ಸಿಗುತ್ತದೆ ಅನ್ನುವುದೇ ಅವರ ಮನಸ್ಸಿನಲ್ಲಿ ಓಡುತ್ತಿರುತ್ತದೆ. ಅಂಥ ಹೊತ್ತಲ್ಲಿ ನೀವು ಎಷ್ಟು ಚೆನ್ನಾಗಿ ಮಾತಾಡಿದರೂ ಅದು ಹಾಲಿಗೆ ಅಡ್ಡ ನಿಂತ ಮಾತೇ.

ಆದ್ದರಿಂದ ನನ್ನ ಮಾತನ್ನು ಮುಂದಕ್ಕೆ ತಂದೆ. ನಾಡಗೀತೆ ಮುಗಿದು, ಪಿ.ಟಿ. ಮೇಷ್ಟ್ರು ‘ವಿಶ್ರಾಮ್’ ಅಂದ ಕೂಡಲೇ ನನ್ನ ಸರದಿ. ಆಗ ಮಕ್ಕಳು ಕಾಲು ಸಡಿಲ ಮಾಡಿ ಉಸಿರು ಬಿಡುತ್ತಾರೆ, ಯಾರಪ್ಪಾ ಮುಂದೆ ಅಂತ ತಲೆ ಎತ್ತುತ್ತಾರೆ. ‘ಸಾವಧಾನ್’ನಲ್ಲಿ ನಿಲ್ಲಿಸಿ ನಮಸ್ಕಾರ ಹೇಳಬೇಡಿ. ಬಿಗಿದ ಮೈಯಿಂದ ನಗು ಬರುವುದಿಲ್ಲ.

ಸಮಯ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಬಯಲಲ್ಲಿ ನಿಧಾನವಾಗಿ ಹೇಳಬೇಕಾದ್ದರಿಂದ ನೂರು ಪದ ದಾಟದಂತೆ ನೋಡಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಆಗುತ್ತದೆ. ಮೊದಲ ತಿಂಗಳು ಬರೆದೇ ತನ್ನಿ, ಆದರೆ ಓದಬೇಡಿ. ಕಾಗದ ಜೇಬಲ್ಲಿ ಇರಲಿ.

ನಿಲ್ಲುವ ಜಾಗ

ಬೆಳಗ್ಗೆ ಬಿಸಿಲು ಮಕ್ಕಳ ಬೆನ್ನಿಗೆ ಇರಬೇಕು, ನಿಮ್ಮ ಮುಖಕ್ಕೆ ಬೀಳಬೇಕು. ಕಣ್ಣು ಕಿರಿದು ಮಾಡುವ ಕಷ್ಟ ನಿಮಗಿರಲಿ. ಎಷ್ಟೋ ಶಾಲೆಗಳಲ್ಲಿ ಧ್ವಜದ ಕಟ್ಟೆ ಇರುವ ಕಡೆಗೆ ಸಾಲು ಮಾಡಿಸಿ, ನೂರೈವತ್ತು ಮಕ್ಕಳು ಕೈ ಅಡ್ಡ ಹಿಡಿದು ಹೆಡ್ಮಾಸ್ಟ್ರ ಕಪ್ಪು ನೆರಳನ್ನು ನೋಡುತ್ತಿರುತ್ತಾರೆ. ನಿಮ್ಮ ಮುಖವೇ ಕಾಣದಿದ್ದರೆ ನಗು ಯಾರಿಗೆ ತಲುಪುತ್ತದೆ?

ಮೈಕ್ ಕೂಗಿದರೆ ಎಲ್ಲ ಕೆಟ್ಟಿತು. ಡಬ್ಬದಿಂದ ಬರುವ ದನಿಯನ್ನು ಮೈಕ್ ಮತ್ತೆ ಹಿಡಿದುಕೊಳ್ಳುವುದರಿಂದ ಆ ಕೀರಲು ಸದ್ದು. ಸ್ಪೀಕರ್ ಡಬ್ಬ ನಿಮ್ಮ ಬೆನ್ನ ಹಿಂದೆ ಇರಬಾರದು. ನಿಮಗಿಂತ ಮುಂದೆ, ಪಕ್ಕಕ್ಕೆ, ಮಕ್ಕಳ ಕಡೆ ಬಾಯಿ ಮಾಡಿ ಇರಲಿ. ನೂರು ಮಕ್ಕಳಿದ್ದರೆ ಮೈಕೇ ಬೇಡ ಅಂತ ನನ್ನ ಅಭಿಪ್ರಾಯ. ಸಾಲಿಗೆ ಎರಡು ಹೆಜ್ಜೆ ಹತ್ತಿರ ಬನ್ನಿ, ಸಾಕು.

ಹಿಂದಿನ ದಿನ ಹೆಕ್ಕಿಟ್ಟುಕೊಳ್ಳುವುದು

ಇದೇ ಅಸಲು ಕೆಲಸ. ‘ಇಂದಿನ ದಿನ ನಿಮಗೆಲ್ಲ ಶುಭವಾಗಲಿ, ಚೆನ್ನಾಗಿ ಓದಿ’ ಅನ್ನುವುದನ್ನು ಯಾವ ಶಾಲೆಯಲ್ಲೂ, ಯಾವ ದಿನವೂ ಹೇಳಬಹುದು. ಅದಕ್ಕೇ ಅದು ಯಾರಿಗೂ ಕೇಳಿಸುವುದಿಲ್ಲ. ಬೆಲ್ ಹೊಡೆದು ಮಕ್ಕಳು ಹೋದ ಮೇಲೆ ಶಾಲೆಯನ್ನು ಒಂದು ಸುತ್ತು ಹಾಕಿ. ನಿಮ್ಮ ಶಾಲೆಯಲ್ಲಿ, ಆ ದಿನ ಮಾತ್ರ ಆಗಿರುವ ಒಂದು ವಿಷಯ ಹುಡುಕಿ. ನೀರಿನ ನಲ್ಲಿಯನ್ನು ಯಾರೋ ಬಟ್ಟೆ ಕಟ್ಟಿ ನಿಲ್ಲಿಸಿರಬಹುದು. ನಲಿಕಲಿ ಕೋಣೆಯ ಗೋಡೆಯಲ್ಲಿ ಹೊಸ ಚಿತ್ರ ಇರಬಹುದು. ಕಿಟಕಿಯಲ್ಲಿ ಪಾರಿವಾಳ ಮೊಟ್ಟೆ ಇಟ್ಟಿರಬಹುದು. ಒಂದೇ ಸಾಕು.

ಆರಿಸುವಾಗ ಒಂದು ಎಚ್ಚರಿಕೆ ಬೇಕು. ಒಮ್ಮೆ ಐದನೇ ಕ್ಲಾಸಿನ ಹುಡುಗ ಅಂಗಳದಲ್ಲಿ ಸಿಕ್ಕ ಹತ್ತು ರೂಪಾಯಿ ತಂದುಕೊಟ್ಟ. ಮರುದಿನ ಅವನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದೆ. ಆ ವಾರವೆಲ್ಲ ನನ್ನ ಟೇಬಲ್ಲಿಗೆ ಚಿಲ್ಲರೆ ಬರತೊಡಗಿತು. ‘ಸಾರ್ ಒಂದ್ರುಪಾಯಿ ಸಿಕ್ತು’, ‘ಸಾರ್ ಎರಡ್ರುಪಾಯಿ ಸಿಕ್ತು’. ಒಂದು ನಾಣ್ಯಕ್ಕಂತೂ ಕುಂಕುಮ ಮೆತ್ತಿತ್ತು, ಪಾಪ, ದೇವರ ಮುಂದಿನಿಂದ ಎದ್ದು ಬಂದಿತ್ತು! ಅಂದಿನಿಂದ ಒಬ್ಬರ ಗುಣವನ್ನು ಹೊಗಳುವುದು ಬಿಟ್ಟು, ಆದ ಕೆಲಸವನ್ನು ವಿವರವಾಗಿ ಹೇಳುವುದು ರೂಢಿ ಮಾಡಿಕೊಂಡೆ.

ಹುಟ್ಟುಹಬ್ಬದ ಶುಭಾಶಯದಲ್ಲೂ ಹೀಗೇ ಸಿಕ್ಕಿಕೊಳ್ಳಬಹುದು. ದಾಖಲಾತಿ ಪುಸ್ತಕ ನೋಡಿ ಹೆಸರು ಕೂಗಿದರೆ ಜೂನ್ 1ಕ್ಕೆ ಅರ್ಧ ಸಾಲೇ ಮುಂದೆ ಬರುವ ಶಾಲೆಗಳಿವೆ. ಸರಿಯಾದ ತಾರೀಕು ಗೊತ್ತಿಲ್ಲದಿದ್ದಾಗ ಬರೆಸಿದ್ದು ಅದು. ಇನ್ನು ಏಪ್ರಿಲ್, ಮೇನಲ್ಲಿ ಹುಟ್ಟಿದವರಿಗೆ ರಜೆ. ಮನೆಯಲ್ಲಿ ಯಾವ ದಿನ ಪಾಯಸ ಮಾಡುತ್ತಾರೆ ಅಂತ ಕ್ಲಾಸ್ ಟೀಚರ್ ಕೇಳಿ ಬರೆದಿಟ್ಟ ಪಟ್ಟಿ ಇದ್ದರೆ ಮಾತ್ರ ಹೇಳಿ. ರಜೆಯಲ್ಲಿ ಹುಟ್ಟಿದವರನ್ನು ಜೂನ್‌ನಲ್ಲಿ ಒಟ್ಟಿಗೆ ಕರೆಯಿರಿ.

ಒಂದು ಸೋಮವಾರದ ಮಾತು

ಜುಲೈ ತಿಂಗಳು. ಶನಿವಾರ ರಾತ್ರಿ ಜೋರು ಮಳೆ. ಸೋಮವಾರ ಬೆಳಗ್ಗೆ ನಾನು ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು:

‘ಎಲ್ಲರಿಗೂ ನಮಸ್ಕಾರ. ಒಂದನೇ ಕ್ಲಾಸಿನವರ ದನಿ ಚೆನ್ನಾಗಿ ಕೇಳಿಸ್ತು. ಏಳನೇ ಕ್ಲಾಸಿನವರು ಇನ್ನೂ ಕಂಬಳಿ ಒಳಗೇ ಇದ್ದೀರಾ? ಶನಿವಾರ ಎಂಥಾ ಮಳೆ ಅಲ್ವಾ! ಬೋರ್‌ವೆಲ್ ಹತ್ತಿರದ ನುಗ್ಗೆ ಗಿಡ ಬಿದ್ದೇ ಹೋಗಿರುತ್ತೆ ಅಂದುಕೊಂಡು ಬಂದೆ. ಬಿದ್ದಿಲ್ಲ. ಯಾಕೆ ಗೊತ್ತಾ? ಶನಿವಾರ ಬೆಲ್ ಆದ ಮೇಲೂ ಆರನೇ ಕ್ಲಾಸಿನವರು ನಿಂತು ಅದಕ್ಕೆ ಎರಡು ಕೋಲು ಕೊಟ್ಟು ಕಟ್ಟಿದ್ದರು. ಕಟ್ಟೋಕೆ ಬಟ್ಟೆ ತಂದವರು ವಿಜ್ಞಾನದ ಮೇಡಂ. ಆ ಗಿಡದ ಸೊಪ್ಪು ಇವತ್ತು ಸಾರಿಗೆ ಬೀಳುತ್ತೆ ಅಂತ ಅಡುಗೆ ಅಕ್ಕ ಹೇಳಿದರು. ಊಟಕ್ಕೆ ಹೋಗುವಾಗ ಆ ಗಂಟು ನೋಡಿಕೊಂಡು ಹೋಗಿ. ಅದು ಯಾವ ಥರ ಗಂಟು ಅಂತ ನಾಳೆ ನನಗೆ ಹೇಳಿ.’

ಇದನ್ನು ಬಿಡಿಸಿ ನೋಡೋಣ. ನಮಸ್ಕಾರ ಅಂದ ಮೇಲೆ ನಾನು ಕಾದೆ. ಮಕ್ಕಳ ಉತ್ತರ ಎಲ್ಲ ಕಡೆ ಒಂದೇ ರಾಗ, ‘ನಮಸ್ತೇ ಸಾ...ರ್’. ರಾಗ ಉದ್ದವಾದಷ್ಟೂ ಬಾಯಿ ಮಾತ್ರ ಹೇಳುತ್ತಿದೆ ಅಂತ ಅರ್ಥ. ಗದರಿಸಿ ಮತ್ತೆ ಹೇಳಿಸಿದರೆ ಇನ್ನೂ ಉದ್ದವಾಗುತ್ತದೆ. ಅದರ ಬದಲು ಒಂದು ಕ್ಲಾಸಿನ ಕಡೆ ತಿರುಗಿ ಮಾತಾಡಿದರೆ ರಾಗ ತಾನೇ ಮುರಿಯುತ್ತದೆ. ಕಾಲೆಳೆಯುವುದಿದ್ದರೆ ದೊಡ್ಡ ಕ್ಲಾಸಿನವರ ಕಾಲು ಎಳೆಯಿರಿ, ಅದೂ ಇಡೀ ಕ್ಲಾಸಿನದು. ಒಂದು ಮಗುವಿನ ಬಟ್ಟೆ, ತಲೆ, ಅಂಕ, ಮನೆ ಯಾವುದೂ ಪ್ರಾರ್ಥನೆಯ ತಮಾಷೆಗೆ ಬರಬಾರದು.

ಆಮೇಲೆ ಗಿಡ. ಎಲ್ಲರೂ ದಿನಾ ನೋಡುವ ಗಿಡವಾದ್ದರಿಂದ ಒಂದನೇ ಕ್ಲಾಸಿಗೂ ಅರ್ಥವಾಯಿತು. ಯಾರನ್ನೂ ‘ಒಳ್ಳೆಯ ಮಕ್ಕಳು’ ಅನ್ನಲಿಲ್ಲ. ಏನು ಮಾಡಿದರು ಅಂತ ಮಾತ್ರ ಹೇಳಿದೆ. ಕೊನೆಗೆ ಗಂಟು. ಮಧ್ಯಾಹ್ನದವರೆಗೆ ಮಾತಾಡಿಕೊಳ್ಳಲು ಮಕ್ಕಳಿಗೆ ಒಂದು ವಿಷಯ ಸಿಕ್ಕಿತು. ದಿನವೂ ಹೀಗೆ ಪ್ರಶ್ನೆ ಕೇಳಬೇಡಿ, ಅದೊಂದು ಪರೀಕ್ಷೆಯಾಗಿಬಿಡುತ್ತದೆ. ವಾರಕ್ಕೆ ಎರಡು ಸಲ ಸಾಕು.

ಮೇಷ್ಟ್ರುಗಳೂ ಕೇಳುತ್ತಿದ್ದಾರೆ

ಮೇಡಂ ಬಟ್ಟೆ ತಂದದ್ದನ್ನು ಹೇಳುವ ಮುಂಚೆ ಸ್ಟಾಫ್ ರೂಮಿನಲ್ಲಿ ಅವರನ್ನು ಕೇಳಿದ್ದೆ. ‘ಹೇಳ್ಲಾ ಮೇಡಂ?’ ಕೆಲವರಿಗೆ ಹೆಸರು ಬರುವುದೇ ಮುಜುಗರ. ಅವರಿಗೆ ಒತ್ತಾಯ ಬೇಡ. ಇನ್ನು ಯಾರ ಸರದಿ ಆಯಿತು, ಯಾರದು ಆಗಿಲ್ಲ ಅಂತ ಡೈರಿಯ ಹಿಂದಿನ ಪುಟದಲ್ಲಿ ಗುರುತು ಹಾಕಿಕೊಳ್ಳಿ. ನಮ್ಮ ಶಾಲೆಯಲ್ಲಿ ಗುರುತು ಹಾಕಲು ಶುರು ಮಾಡಿದ ಮೇಲೆ ಗೊತ್ತಾಯಿತು, ಒಂದು ಟರ್ಮ್ ಪೂರ್ತಿ ನಾನು ಅತಿಥಿ ಶಿಕ್ಷಕರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಡುಗೆಯವರದೂ ಅದೇ ಕಥೆ. ಅವರು ಒಲೆ ಬಿಟ್ಟು ಬರುವುದಿಲ್ಲ, ಆದರೆ ಅಡುಗೆ ಕೋಣೆಗೆ ಮೈಕಿನ ದನಿ ಕೇಳಿಸುತ್ತದೆ.

ಮೇಷ್ಟ್ರುಗಳಿಗೆ ಕೊಡಬೇಕಾದ ಸೂಚನೆಗಳನ್ನು ಇಲ್ಲಿ ತರಲೇಬೇಡಿ. ‘ಶಿಕ್ಷಕರೂ ಸಮಯಕ್ಕೆ ಬರಬೇಕು’ ಅಂತ ಮೈಕಿನಲ್ಲಿ ಒಂದು ಸಲ ಹೇಳಿ ನೋಡಿ, ಆ ದಿನ ಸ್ಟಾಫ್ ರೂಮಿನಲ್ಲಿ ಟೀ ಕೂಡ ಸರಿಯಾಗಿ ಸಿಗುವುದಿಲ್ಲ. ಫೀಸು, ಬ್ಯಾಂಕ್ ಪಾಸ್‌ಬುಕ್ಕು, ಆಧಾರ್ ಜೆರಾಕ್ಸು, ಇವೆಲ್ಲ ಚೀಟಿಯಲ್ಲಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಡಿ. ಹಾಜರಿ ಕರೆಯುವಾಗ ಅವರೇ ಹೇಳುತ್ತಾರೆ. ಬೈಯುವುದಿದ್ದರೆ ಸಂಬಂಧಪಟ್ಟವರನ್ನು ಕೋಣೆಗೆ ಕರೆದು ಬೈಯಿರಿ.

ಊರಲ್ಲಿ ಸಾವಾಗಿದ್ದರೆ, ಮಗುವಿನ ಮನೆಯಲ್ಲಿ ಏನಾದರೂ ಆಗಿದ್ದರೆ ಆ ದಿನ ನಗಿಸಲು ಹೋಗಬೇಡಿ. ನಮಸ್ಕಾರ ಹೇಳಿ, ವಿಷಯವನ್ನು ಒಂದೇ ಮಾತಲ್ಲಿ ಹೇಳಿ ಮುಗಿಸಿ. ಮಳೆ ಬರುವಾಗ ಕಾರಿಡಾರಿನಲ್ಲಿ ಒತ್ತಾಗಿ ನಿಲ್ಲಿಸಿದ್ದರೆ ನಮಸ್ಕಾರವೊಂದೇ ಸಾಕು.

ಫಲ ಸಿಗುತ್ತಿದೆಯೋ ಇಲ್ಲವೋ ತಿಳಿಯಲು ಮುಂದಿನ ಸಾಲು ನೋಡಬೇಡಿ, ಪುಟ್ಟ ಮಕ್ಕಳು ಯಾವಾಗಲೂ ನಗುತ್ತಾರೆ. ಕೊನೆಯ ಸಾಲಿನ ಏಳನೇ ಕ್ಲಾಸಿನ ಹುಡುಗರನ್ನು ನೋಡಿ. ಅವರು ಪಕ್ಕದವನಿಗೆ ಚಿವುಟುವುದು ಬಿಟ್ಟು ನಿಮ್ಮ ಕಡೆ ತಿರುಗಿದರೆ ಮಾತು ತಲುಪಿತು.

ಅಂದ ಹಾಗೆ, ಆ ಗಂಟಿನ ವಿಷಯ. ಮಂಗಳವಾರ ಪ್ರಾರ್ಥನೆಗೆ ಮುಂಚೆಯೇ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಆಫೀಸಿನ ಬಾಗಿಲಿಗೆ ಬಂದಳು. ಒಂದು ಜಡೆ ಬಿಚ್ಚಿಹೋಗಿತ್ತು, ಕೆಂಪು ಟೇಪು ಕೈಯಲ್ಲಿತ್ತು. ಕಿಟಕಿಯ ಸರಳಿಗೆ ಅದನ್ನು ಸುತ್ತಿ ಕಟ್ಟಿ ತೋರಿಸಿ, ‘ಇದೇ ಸಾರ್. ನಮ್ಮಜ್ಜಿ ದಿನಾ ಹಾಕೋದು’ ಅಂದಳು. ಆಮೇಲೆ ಅದನ್ನು ಬಿಚ್ಚಲು ಅವಳಿಂದಲೂ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಒಂದೇ ಟೇಪು ಕಟ್ಟಿಕೊಂಡು ಸಾಲಿಗೆ ಓಡಿದಳು.