ಅಣ್ಣ ವಿಲ್ ತಂದಾಗ: ಪ್ರೊಬೇಟ್ ಕೇಸೊಂದನ್ನು ತಂಗಿಯರ ಪರವಾಗಿ ನಡೆಸಿದ ನನ್ನ ಅನುಭವ

ತುಮಕೂರಿನ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿರುವ ನನ್ನ ಹತ್ತಿರ ವಿಲ್ ಹಿಡಿದುಕೊಂಡು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಮೇಡಂ, ಇದಕ್ಕೆ ಪ್ರೊಬೇಟ್ ಬೇಕಾ?" ಅಂದರೆ, ವಿಲ್ ಸರಿಯಾದದ್ದೇ ಎಂದು ಕೋರ್ಟಿನಿಂದ ಆದೇಶ ತರಬೇಕಾ ಎಂದು. ಕರ್ನಾಟಕದ ಹಿಂದೂ ಕುಟುಂಬದವರಾದರೆ ನನ್ನ ಉತ್ತರ ಯಾವಾಗಲೂ "ಕಡ್ಡಾಯ ಅಲ್ಲ" ಎಂದೇ ಇತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 213ನೇ ಸೆಕ್ಷನ್ ಪ್ರಕಾರ ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಾಗಿದ್ದದ್ದು ಹಳೆಯ ಬಂಗಾಳ ಪ್ರಾಂತ್ಯದಲ್ಲಿ, ಮತ್ತು ಮದ್ರಾಸ್, ಬೊಂಬಾಯಿ ಹೈಕೋರ್ಟುಗಳ ನೇರ ಸಿವಿಲ್ ವ್ಯಾಪ್ತಿಗೆ ಬರುವ ಆ ಎರಡು ನಗರಗಳಲ್ಲಿ. ವಿಲ್ ಅಲ್ಲಿ ಬರೆದಿದ್ದರೂ ಬೇಕಿತ್ತು, ಆಸ್ತಿ ಅಲ್ಲಿದ್ದರೂ ಬೇಕಿತ್ತು. ಮಂಗಳೂರು, ಬಳ್ಳಾರಿ ಕಡೆಯವರು "ನಾವು ಮದ್ರಾಸಿಗೆ ಸೇರಿದ್ದೆವಲ್ಲ" ಎಂದು ಕೇಳುವುದುಂಟು. ನಿಯಮ ಇದ್ದದ್ದು ಮದ್ರಾಸ್ ನಗರಕ್ಕೆ, ಇಡೀ ಪ್ರಾಂತ್ಯಕ್ಕಲ್ಲ. ತೊಂದರೆ ಆಗುತ್ತಿದ್ದದ್ದು ಮುಂಬೈಯಲ್ಲಿ ದುಡಿದು, ಫ್ಲ್ಯಾಟ್ ಕೊಂಡು, ಆಮೇಲೆ ಊರಿಗೆ ಮರಳಿದ ಕನ್ನಡಿಗರಿಗೆ. ವಿಲ್ ಇಲ್ಲೇ ಬರೆದಿದ್ದರೂ ಆ ಫ್ಲ್ಯಾಟಿಗೆ ಪ್ರೊಬೇಟ್ ಬೇಕಾಗುತ್ತಿತ್ತು. 2025ರ ಕೊನೆಗೆ ಸಂಸತ್ತು 213ನೇ ಸೆಕ್ಷನ್ನನ್ನೇ ತೆಗೆದುಹಾಕಿದೆ.

ಹಾಗಾದರೆ ಪ್ರೊಬೇಟ್ ಕೇಸುಗಳೇ ಇರುವುದಿಲ್ಲ ಅಂದುಕೊಳ್ಳಬೇಡಿ. ಕಡ್ಡಾಯ ಹೋಗಿದೆ, ಅವಕಾಶ ಹೋಗಿಲ್ಲ. ಪ್ರೊಬೇಟ್ ಅಂದರೆ "ಇದು ಸತ್ತವರ ಕೊನೆಯ ವಿಲ್, ಸರಿಯಾಗಿಯೇ ಆಗಿದೆ" ಎಂದು ಕೋರ್ಟ್ ಮೊಹರು ಹಾಕಿ ಕೊಡುವ ಆದೇಶ. ಆ ತೀರ್ಪು ಕೇಸಿನಲ್ಲಿದ್ದವರಿಗೆ ಮಾತ್ರವಲ್ಲ, ಎಲ್ಲರಿಗೂ ಅನ್ವಯಿಸುತ್ತದೆ. ಅದಕ್ಕೇ ದೊಡ್ಡ ಮೊತ್ತದ ಠೇವಣಿ ಇರುವ ಬ್ಯಾಂಕುಗಳು, ಮನೆ ಕೊಳ್ಳುವವರು ಇದನ್ನು ಕೇಳುತ್ತಾರೆ. ನಾನು ಹೇಳಹೊರಟಿರುವ ಕೇಸು ಶುರುವಾದದ್ದೂ ಹೀಗೆಯೇ.

ತೀರಿಕೊಂಡವರು ನಿವೃತ್ತ ಹೆಡ್‌ಮಾಸ್ಟರ್, ವಯಸ್ಸು ಎಂಬತ್ತು ದಾಟಿತ್ತು. ಹೆಂಡತಿ ಮೊದಲೇ ಹೋಗಿದ್ದರು. ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಪೇಟೆಯಲ್ಲಿ ಸಂಬಳದ ದುಡ್ಡಿನಲ್ಲಿ ಕಟ್ಟಿದ ಮನೆ, ಹಳ್ಳಿಯಲ್ಲಿ ಅಪ್ಪನ ಕಾಲದಿಂದ ಬಂದ ನಾಲ್ಕು ಎಕರೆ ಜಮೀನು. ತಿಥಿ ಮುಗಿದ ಮೇಲೆ ಮಗ ಒಂದು ರಿಜಿಸ್ಟರ್ಡ್ ವಿಲ್ ತೋರಿಸಿದರು. ಎಲ್ಲವೂ ಮಗನಿಗೆ. ಬ್ಯಾಂಕ್ ಪ್ರೊಬೇಟ್ ತನ್ನಿ ಎಂದಿತು, ಅವರು ಜಿಲ್ಲಾ ಕೋರ್ಟಿನಲ್ಲಿ ಅರ್ಜಿ ಹಾಕಿದರು, ತಂಗಿಯರಿಗೆ ನೋಟಿಸ್ ಬಂತು.

"ಅಣ್ಣನ ಮೇಲೆ ಕೇಸು ಆಡಬೇಕಾ ಮೇಡಂ?" ಎಂದು ದೊಡ್ಡವರು ಕೇಳಿದರು. ಕೇಸು ಹಾಕಿರುವವರು ಅಣ್ಣ, ನೀವು ಸುಮ್ನೆ ಕೂತರೆ ವಿಲ್ ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಹೇಳಿದೆ. ನೋಟಿಸ್ ಬಂದಿದ್ದರಿಂದ ನೇರವಾಗಿ ತಕರಾರು ಸಲ್ಲಿಸಿದೆವು. ಪಾರ್ಟಿ ಮಾಡದೇ ಹೋಗಿದ್ದರೆ 284ನೇ ಸೆಕ್ಷನ್ ಕೆಳಗೆ ಕೇವಿಯಟ್ ಹಾಕುತ್ತಿದ್ದೆ. ಕೇವಿಯಟ್ ದಾಖಲಾದರೆ ನಮಗೆ ತಿಳಿಸದೆ ಅರ್ಜಿ ಮುಂದೆ ಹೋಗುವಂತಿಲ್ಲ. ಆದರೆ ಇದನ್ನು ಯಾವ ನೆಂಟರು ಬೇಕಾದರೂ ಹಾಕಲಾಗದು. ವಿಲ್ ಇಲ್ಲದಿದ್ದರೆ ಆ ಆಸ್ತಿಯಲ್ಲಿ ಪಾಲು ಬರುತ್ತಿತ್ತು, ಅಥವಾ ಅದಕ್ಕಿಂತ ಮೊದಲಿನ ವಿಲ್‌ನಲ್ಲಿ ತನಗೆ ಏನೋ ಬರೆದಿತ್ತು ಎಂದು ತೋರಿಸಬೇಕು. ತಕರಾರು ಬಂದ ಕೂಡಲೇ 295ನೇ ಸೆಕ್ಷನ್ ಪ್ರಕಾರ ಅರ್ಜಿ ಮಾಮೂಲಿ ದಾವೆಯ ರೂಪಕ್ಕೆ ಬರುತ್ತದೆ. ವಿಲ್ ತಂದವರು ವಾದಿ, ವಿರೋಧಿಸುವವರು ಪ್ರತಿವಾದಿ.

ತಕರಾರು ಬರೆಯುವಾಗಲೇ ಅರ್ಧ ಕೇಸು ತೀರ್ಮಾನ ಆಗುತ್ತದೆ ಅನ್ನುವುದು ನನ್ನ ನಂಬಿಕೆ. ಚಿಕ್ಕವರಿಗೆ "ವಿಲ್ ಖೊಟ್ಟಿ, ಅಪ್ಪನ ಹೆಬ್ಬೆಟ್ಟೇ ಅಲ್ಲ" ಎಂದು ಬರೆಸಬೇಕು, ಜೊತೆಗೆ "ಅಣ್ಣ ಒತ್ತಾಯ ಮಾಡಿ ಹಾಕಿಸಿಕೊಂಡ" ಎಂದೂ ಬರೆಸಬೇಕು ಅನ್ನುವ ಆಸೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ, ಅಲ್ವಾ? ಹೆಬ್ಬೆಟ್ಟು ಅಪ್ಪನದಲ್ಲ ಅಂದರೆ ಒತ್ತಾಯದ ಮಾತೇ ಬರುವುದಿಲ್ಲ. ಅದೂ ಅಲ್ಲದೆ ಒತ್ತಾಯ, ಮೋಸ ಎಂದು ಬರೆದರೆ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ಮೇಲೆ ಬೀಳುತ್ತದೆ. ವಿಲ್ ಸರಿಯಾಗಿ ಆಗಿದೆ, ಬರೆದವರಿಗೆ ಬುದ್ಧಿ ಸ್ವಾಧೀನದಲ್ಲಿತ್ತು ಎಂದು ತೋರಿಸುವ ಹೊರೆ ಮಾತ್ರ ವಿಲ್ ತಂದವರದು. ಹಾಗಾಗಿ ನಾನು ಬರೆದದ್ದು ಇಷ್ಟೇ: ಅಪ್ಪನಿಗೆ ಆ ದಿನ ತಿಳಿವಳಿಕೆ ಇರಲಿಲ್ಲ, ಸಾಕ್ಷಿಗಳು ಕಾನೂನು ಹೇಳಿದಂತೆ ಸಹಿ ಹಾಕಿಲ್ಲ, ಮತ್ತು ಅನುಮಾನ ಹುಟ್ಟಿಸುವ ಸಂಗತಿಗಳು ಇವಿವೆ. "ಹೆಣ್ಣುಮಕ್ಕಳಿಗೆ ಏನೂ ಕೊಟ್ಟಿಲ್ಲ" ಅನ್ನುವುದನ್ನು ಕೊನೆಗಿಟ್ಟೆ. ಸಹಜ ವಾರಸುದಾರರನ್ನು ಬಿಡುವುದಕ್ಕೇ ಜನ ವಿಲ್ ಬರೆಯುವುದು. ಅದೊಂದರಿಂದಲೇ ವಿಲ್ ಬೀಳುವುದಿಲ್ಲ.

ಅನುಮಾನದ ಸಂಗತಿಗಳ ವಿಷಯದಲ್ಲಿ ನಾವೆಲ್ಲ ಹಿಡಿಯುವ ತೀರ್ಪು ಹಳೆಯ ಮೈಸೂರಿನಿಂದಲೇ ಹೋದದ್ದು: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ, ಸುಪ್ರೀಂ ಕೋರ್ಟ್, 1958. ಅಲ್ಲಿ ವಿಲ್ ಮಂಡಿಸಿದವರೇ ಅದು ತಯಾರಾಗುವಾಗ ಮುಂದೆ ನಿಂತಿದ್ದರು, ಅವರ ಮಕ್ಕಳಿಗೆ ಅದರಿಂದ ದೊಡ್ಡ ಲಾಭವಿತ್ತು. ಇಂಥ ಅನುಮಾನಗಳಿದ್ದರೆ ಸಹಿ ಸಾಬೀತಾದರೆ ಸಾಲದು, ಅನುಮಾನವನ್ನೂ ಪೂರ್ತಿ ನಿವಾರಿಸಬೇಕು ಎಂದು ಕೋರ್ಟ್ ಹೇಳಿತು. ರಿಜಿಸ್ಟರ್ ಆಗಿದೆ ಅನ್ನುವುದೂ ಇದಕ್ಕೆ ಪೂರ್ತಿ ಉತ್ತರವಲ್ಲ.

ಆಮೇಲೆ ಕಾಗದಗಳ ಬೇಟೆ. ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ವಿಲ್‌ನ ದೃಢೀಕೃತ ನಕಲು. ವಿಲ್ ದಾಖಲಾಗುವುದು 3ನೇ ಪುಸ್ತಕದಲ್ಲಿ. ಆಸ್ತಿಯ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿದರೆ ಅದರಲ್ಲಿ ಕಾಣಿಸುವುದಿಲ್ಲ. ಬರೆದವರು ಬದುಕಿರುವವರೆಗೆ ನಕಲು ಬೇರೆಯವರಿಗೆ ಸಿಗದು, ತೀರಿಕೊಂಡ ಮೇಲೆ ಯಾರು ಅರ್ಜಿ ಹಾಕಿದರೂ ಸಿಗುತ್ತದೆ. ನಕಲಿನ ಹಿಂಬರಹದಲ್ಲಿ ಅಧಿಕಾರಿ ಮನೆಗೆ ಬಂದು ನೋಂದಾಯಿಸಿದ ತಾರೀಖಿತ್ತು. ಆ ತಾರೀಖು ನೋಡಿದ ಕೂಡಲೇ ತಂಗಿಯರು ಹೇಳಿದರು: ಅಪ್ಪ ಆಸ್ಪತ್ರೆಯಿಂದ ಬಂದದ್ದು ಅದರ ಹಿಂದಿನ ದಿನ.

ಡಿಸ್‌ಚಾರ್ಜ್ ಸಮ್ಮರಿ ಒಂದು ಪುಟ. ಅದನ್ನು ನಂಬಿ ಕೂರಬೇಡಿ. ಕೋರ್ಟಿನ ಮೂಲಕ ಪೂರ್ತಿ ಕೇಸ್ ಶೀಟ್ ತರಿಸಿದೆವು. ಒಳಗೆ ನರ್ಸುಗಳು ಗಂಟೆಗಂಟೆಗೆ ಬರೆಯುವ ಹಾಳೆಗಳಿದ್ದವು. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕಾದದ್ದು ದಾಖಲಾದ ದಿನ 116, ಮನೆಗೆ ಹೊರಟ ದಿನ 121. "ಮಗನನ್ನು ಗುರುತಿಸುತ್ತಿಲ್ಲ" ಎಂದು ಒಂದು ರಾತ್ರಿಯ ಟಿಪ್ಪಣಿ. ವೈದ್ಯರ ಸಲಹೆ ಮೀರಿ ಕರೆದುಕೊಂಡು ಹೋಗುತ್ತಿದ್ದೇವೆ ಎಂಬ ಬರಹದ ಕೆಳಗೆ ಮಗನ ಸಹಿ. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿ ಕಟ್ಟೆಗೆ ಕರೆಸಿದೆವು. ಸೋಡಿಯಂ ಇಷ್ಟು ಇಳಿದರೆ ವಯಸ್ಸಾದವರಿಗೆ ಗಲಿಬಿಲಿ ಆಗುತ್ತದೆ, ಒಂದು ದಿನದಲ್ಲಿ ಸರಿಹೋಗಿರುತ್ತದೆ ಎಂದು ಹೇಳಲಾರೆ ಎಂದರು. ತಿಳಿವಳಿಕೆ ಬರಲು ಸಾಧ್ಯವೇ ಇರಲಿಲ್ಲ ಎಂದೇನೂ ಅವರು ಹೇಳಲಿಲ್ಲ. ನಾನೂ ಹಾಗೆ ಹೇಳಿಸಲು ಹೋಗಲಿಲ್ಲ.

ಇನ್ನೊಂದು ಕಾಗದ ಪಿಂಚಣಿಯ ಜೀವಂತ ಪ್ರಮಾಣಪತ್ರ. ಅದೇ ತಿಂಗಳ ಮೊದಲ ವಾರದಲ್ಲಿ ಮೇಷ್ಟ್ರು ಅದಕ್ಕೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದ್ದರು. ವಿಲ್‌ನಲ್ಲಿ ಹೆಬ್ಬೆಟ್ಟು. ಕೈ ನಡುಗುತ್ತಿತ್ತು ಎಂದು ಮಗ ಹೇಳಿದರು. ಇರಬಹುದು. ಆದರೆ ವಿಲ್‌ನ ಮೊದಲ ಸಾಲಿನಲ್ಲೇ "ಆರೋಗ್ಯವಾಗಿದ್ದು" ಎಂದಿತ್ತು.

ಕೇಸಿನ ಜೀವ ಇದ್ದದ್ದು ಸಾಕ್ಷಿ ಹಾಕಿದವರ ಪಾಟಿ ಸವಾಲಿನಲ್ಲಿ. 63ನೇ ಸೆಕ್ಷನ್ ಪ್ರಕಾರ ಕಡಿಮೆ ಅಂದರೆ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಹಾಕುವುದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಆಮೇಲೆ ಅವರ ಎದುರಿಗೇ ತಾವು ಸಹಿ ಹಾಕಬೇಕು. ಇಬ್ಬರೂ ಒಂದೇ ಹೊತ್ತಿಗೆ ಇರಬೇಕೆಂದಿಲ್ಲ. ಕೋರ್ಟಿಗೆ ಒಬ್ಬರನ್ನು ತಂದರೂ ಸಾಕು, ಆದರೆ ಆ ಒಬ್ಬರು ಇನ್ನೊಬ್ಬರ ಸಹಿಯ ವಿಷಯವನ್ನೂ ಹೇಳಬಲ್ಲವರಾಗಿರಬೇಕು. ಇಲ್ಲಿ ಬಂದವರು ಮಗನ ಭಾವಮೈದುನ. ನಾನು ಏರುದನಿಯಲ್ಲಿ ಕೇಳಲಿಲ್ಲ, ಆ ದಿನ ನಡೆದದ್ದನ್ನು ಒಂದೊಂದಾಗಿ ಹೇಳಿ ಎಂದೆ.

"ವಿಲ್ ಬರೆಸಲು ಪತ್ರ ಬರಹಗಾರರಿಗೆ ಯಾರು ಹೇಳಿದರು?"

"ನಮ್ಮ ಭಾವ."

"ಮೇಷ್ಟ್ರಿಗೆ ಓದಿ ಹೇಳಿದ್ದು ಯಾರು?"

"ಓದಲಿಲ್ಲ. ಅವರಿಗೆ ಗೊತ್ತಿತ್ತು."

"ಇನ್ನೊಬ್ಬ ಸಾಕ್ಷಿ ಎಲ್ಲಿ ಸಹಿ ಹಾಕಿದರು?"

"ಅವರು ಬೆಳಿಗ್ಗೆಯೇ ಬರಹಗಾರರ ಅಂಗಡಿಯಲ್ಲಿ ಹಾಕಿಬಿಟ್ಟಿದ್ದರು."

ಮೇಷ್ಟ್ರು ಹೆಬ್ಬೆಟ್ಟು ಒತ್ತಿದ್ದು ಮಧ್ಯಾಹ್ನ, ಮನೆಯಲ್ಲಿ. ಇನ್ನೂ ಆಗದ ಸಹಿಗೆ ಒಬ್ಬರು ಬೆಳಿಗ್ಗೆಯೇ ಸಾಕ್ಷಿ ಹಾಕಿದ್ದರು. ಮುಂದೆ ಪ್ರಶ್ನೆ ಕೇಳದೆ ಕೂತೆ.

ಈ ನಡುವೆ ಇನ್ನೆರಡು ಕೆಲಸ ಮಾಡಿದ್ದೆವು. ಮಗ ಜಮೀನಿನ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದರು. ನೋಟಿಸ್ ಅವಧಿ ಮುಗಿಯುವ ಮೊದಲೇ ತಂಗಿಯರು ತಾಲ್ಲೂಕು ಕಚೇರಿಯಲ್ಲಿ ಲಿಖಿತ ತಕರಾರು ಕೊಟ್ಟರು. ವಿಲ್ ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ತಹಶೀಲ್ದಾರರ ಕೆಲಸವಲ್ಲ. ಸಿವಿಲ್ ಕೋರ್ಟಿನ ತೀರ್ಪು ಬರಲಿ ಎಂದು ಮ್ಯುಟೇಶನ್ ನಿಂತಿತು. ಎರಡನೆಯದು, ಪಾಲು ಕೇಳಿ ಬೇರೆ ದಾವೆ, ಜೊತೆಗೆ ಮಾರಾಟ ಮಾಡದಂತೆ ತಡೆಯಾಜ್ಞೆ. ಇದು ಯಾಕೆ ಬೇಕಾಯಿತು ಅಂದರೆ, ಪ್ರೊಬೇಟ್ ಕೋರ್ಟ್ ನೋಡುವುದು ವಿಲ್ ಸರಿಯಾಗಿ ಆಗಿದೆಯೇ ಎಂದಷ್ಟೇ. ಆಸ್ತಿ ನಿಜವಾಗಿ ಯಾರದು ಎಂದು ಅದು ನೋಡುವುದಿಲ್ಲ.

ಆ ನಾಲ್ಕು ಎಕರೆ ಪಿತ್ರಾರ್ಜಿತ. ಅಜ್ಜ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವ ಮೊದಲೇ ತೀರಿಕೊಂಡಿದ್ದರು, ಈ ತಾರೀಖು ಮುಖ್ಯ. ಹಾಗಾಗಿ ಅದರಲ್ಲಿ ಅಪ್ಪ, ಮಗ, ಇಬ್ಬರು ಹೆಣ್ಣುಮಕ್ಕಳು ಸಮಪಾಲುದಾರರು, ತಲೆಗೆ ಒಂದು ಎಕರೆ. ಅಪ್ಪ ವಿಲ್ ಬರೆಯಬಹುದಾದದ್ದು ತನ್ನ ಒಂದು ಎಕರೆಗೆ ಮಾತ್ರ. ವಿಲ್ ಗೆದ್ದರೂ ಮಗನಿಗೆ ಎರಡು ಎಕರೆ, ತಂಗಿಯರಿಗೆ ಒಂದೊಂದು ಎಕರೆ. ವಿಲ್ ಬಿದ್ದರೆ ಅಪ್ಪನ ಎಕರೆಯೂ ಮೂವರಿಗೆ ಹಂಚಿಕೆ. ಪ್ರೊಬೇಟ್ ಕೇಸನ್ನೇ ನೆಚ್ಚಿಕೊಂಡು ಸೋತಿದ್ದರೆ, ನಾಲ್ಕೂ ಎಕರೆ ಅಣ್ಣನದಾಯಿತು ಎಂದು ಕೈಬಿಡುವ ತಂಗಿಯರೇ ಜಾಸ್ತಿ. ಸ್ವಯಾರ್ಜಿತ ಮನೆಯ ಕತೆ ಬೇರೆ. ಅದು ಪೂರ್ತಿ ವಿಲ್ ಮೇಲೆಯೇ ನಿಂತಿತ್ತು.

ಜಿಲ್ಲಾ ನ್ಯಾಯಾಧೀಶರು ಪ್ರೊಬೇಟ್ ನಿರಾಕರಿಸಿದರು. ಹೆಬ್ಬೆಟ್ಟು ಒಂದೇ ಇದ್ದಿದ್ದರೆ, ಕಾಯಿಲೆ ಒಂದೇ ಇದ್ದಿದ್ದರೆ ಮಾತು ಬೇರೆ. ಎಲ್ಲವೂ ಒಂದೇ ದಿನದಲ್ಲಿ ಸೇರಿಕೊಂಡಿವೆ, ಯಾವುದಕ್ಕೂ ವಿವರಣೆ ಬಂದಿಲ್ಲ, ಸಾಕ್ಷಿಯ ಸಹಿಯಂತೂ ಕಾನೂನಿನಂತೆ ಆಗಿಯೇ ಇಲ್ಲ ಎಂದು ಬರೆದರು. ಮಗ ಹೈಕೋರ್ಟಿಗೆ ಮೇಲ್ಮನವಿ ಹಾಕಿದರು, ಅಲ್ಲಿರುವಾಗಲೇ ರಾಜಿಗೆ ಬಂದರು. ಮನೆ ಅವರೇ ಇಟ್ಟುಕೊಂಡು ತಂಗಿಯರ ಪಾಲಿಗೆ ದುಡ್ಡು ಕೊಟ್ಟರು, ಜಮೀನು ಮೂರು ಭಾಗವಾಯಿತು.

ನೋಟಿಸೇ ಬಾರದೆ ಪ್ರೊಬೇಟ್ ಆಗಿಹೋಗಿದೆ ಎಂದು ತಡವಾಗಿ ತಿಳಿದವರೂ ನನ್ನ ಹತ್ತಿರ ಬರುತ್ತಾರೆ. ಅವರಿಗೆ 263ನೇ ಸೆಕ್ಷನ್ ಇದೆ. ಕರೆಯಬೇಕಾದ ವಾರಸುದಾರರನ್ನು ಕರೆಯದೆ, ಅಥವಾ ಮುಖ್ಯ ಸಂಗತಿ ಮುಚ್ಚಿಟ್ಟು ಪಡೆದ ಪ್ರೊಬೇಟನ್ನು ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಇಂಥವರಿಗೆ ನಾನು ಮೊದಲು ಹೇಳುವುದು, ಆ ಪ್ರೊಬೇಟ್ ಕೇಸಿನ ಆರ್ಡರ್ ಶೀಟ್ ಮತ್ತು ನೋಟಿಸ್ ಜಾರಿಯ ವರದಿಯ ದೃಢೀಕೃತ ನಕಲು ತನ್ನಿ ಎಂದು. ಅಣ್ಣ ಕೊಟ್ಟ ವಿಳಾಸ ಯಾವುದು, ಅಲ್ಲಿ ನೋಟಿಸ್ ತೆಗೆದುಕೊಂಡವರು ಯಾರು ಅನ್ನುವುದು ಅದರಲ್ಲೇ ಇರುತ್ತದೆ.