ಸ್ಯಾಲರಿ ಸ್ಲಿಪ್ ಇಲ್ಲದವರು ಹೋಮ್ ಲೋನ್ ಫೈಲ್ ಹೀಗೆ ಜೋಡಿಸಿ

ಸ್ವಂತ ಅಂಗಡಿ, ವರ್ಕ್‌ಶಾಪ್ ಇಟ್ಟುಕೊಂಡವರು ಮನೆ ಸಾಲಕ್ಕೆ ಬರುವಾಗ ಫೈಲ್ ದಪ್ಪಗೇ ಇರುತ್ತದೆ. ಆಧಾರ್‌ನ ನಾಲ್ಕು ಜೆರಾಕ್ಸ್, ಅಂಗಡಿ ಪೂಜೆಯ ಫೋಟೊ, ಹಳೇ ಬಿಲ್ ಬುಕ್. ಬ್ಯಾಂಕಿನವರು ಮೊದಲು ಹುಡುಕುವುದು ಐಟಿ ರಿಟರ್ನ್‌ನಲ್ಲಿ ತೋರಿಸಿದ ಲಾಭವನ್ನು. ಅದೇ ತೀರಾ ಚಿಕ್ಕದಾಗಿರುತ್ತದೆ.

ಹಂತ 1: ಗುರುತು ಮತ್ತು ವ್ಯಾಪಾರದ ಪುರಾವೆ. ಪ್ಯಾನ್, ಆಧಾರ್, ಜಿಎಸ್‌ಟಿ ನೋಂದಣಿ, ಉದ್ಯಮ್ ಪ್ರಮಾಣಪತ್ರ, ಟ್ರೇಡ್ ಲೈಸೆನ್ಸ್. ಇರುವುದರಲ್ಲಿ ಹಳೆಯದನ್ನು ಮೇಲಿಡಿ, ವ್ಯಾಪಾರ ಎಷ್ಟು ವರ್ಷದ್ದು ಅಂತ ಅದೇ ಹೇಳುತ್ತದೆ. ಅಂದ ಹಾಗೆ, ಸರ್ಕಾರಿ ಪೋರ್ಟಲ್‌ನಲ್ಲಿ ಉದ್ಯಮ್ ನೋಂದಣಿ ಉಚಿತ. ದುಡ್ಡು ಕೇಳುವ ಸೈಟ್ ಯಾವುದೇ ಇರಲಿ, ಮುಚ್ಚಿಬಿಡಿ.

ಹಂತ 2: ಐಟಿ ರಿಟರ್ನ್. ಕೆಡುವುದು ಇಲ್ಲೇ. ಎರಡು ಮೂರು ವರ್ಷದ ರಿಟರ್ನ್ ಬೇಕು. ಅಕ್ನಾಲೆಡ್ಜ್‌ಮೆಂಟ್ ಹಾಳೆ ಒಂದೇ ಸಾಲದು, ಪೂರ್ತಿ ಫಾರ್ಮ್ ಮತ್ತು ಆದಾಯದ ಲೆಕ್ಕದ ಹಾಳೆ ಕೂಡ ಇಡಿ. ಜೊತೆಗೆ ಸಿಎ ಸಹಿ ಮಾಡಿದ ಬ್ಯಾಲೆನ್ಸ್ ಶೀಟ್, ಲಾಭ-ನಷ್ಟ ಪಟ್ಟಿ. ಸಹಿಯ ಹತ್ತಿರ ಯುಡಿಐಎನ್, ಅಂದರೆ ಆ ದಾಖಲೆಗೆ ಸಿಎ ಪಡೆದ 18 ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಇದೆಯಾ ನೋಡಿ. ಅದನ್ನು ಬ್ಯಾಂಕಿನವರು ಆನ್‌ಲೈನಿನಲ್ಲಿ ತಾಳೆ ನೋಡುತ್ತಾರೆ.

ಕಿಟಕಿ ಗ್ರಿಲ್ ಮಾಡುವ ಒಬ್ಬರ ಲೆಕ್ಕ ನೋಡಿ. ವರ್ಷದ ವಹಿವಾಟು 30 ಲಕ್ಷ, ಎಲ್ಲ ಬ್ಯಾಂಕಿನ ಮೂಲಕ. ಸಣ್ಣ ವ್ಯಾಪಾರಿಗಳು ವಹಿವಾಟಿನ ಇಂತಿಷ್ಟು ಪಾಲನ್ನು ಲಾಭ ಅಂತ ತೋರಿಸಬಹುದಾದ ಆದಾಯ ತೆರಿಗೆಯ 44ಎಡಿ ಸೆಕ್ಷನ್ ಪ್ರಕಾರ 6% ಲಾಭ ತೋರಿಸಿದ್ದರು, ಅಂದರೆ 1.8 ಲಕ್ಷ. ತಿಂಗಳಿಗೆ 15,000. ಅದರಲ್ಲಿ ಅರ್ಧ ಇಎಂಐಗೆ ಅಂತ ಹಿಡಿದರೆ 7,500. 9% ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ಸುಮಾರು 900 ರೂಪಾಯಿ ಇಎಂಐ. ಹಾಗಾಗಿ ಸಿಗುವ ಸಾಲ ಎಂಟು ಲಕ್ಷದ ಆಸುಪಾಸು. ಅವರಿಗೆ ಬೇಕಿದ್ದುದು 25.

"ಸರ್, ಖರ್ಚೆಲ್ಲ ಕಳೆದು ತಿಂಗಳಿಗೆ ನಲವತ್ತೈದು ಸಾವಿರ ಉಳಿಯುತ್ತೆ" ಅಂದರು. ಹಾಗಾದರೆ ವರ್ಷಕ್ಕೆ 5.4 ಲಕ್ಷ ತೋರಿಸಬೇಕಿತ್ತು. 6% ಅನ್ನುವುದು ಕನಿಷ್ಠ ಮಿತಿ. ನಿಜವಾದ ಲಾಭ ಜಾಸ್ತಿ ಇದ್ದರೆ ಅದನ್ನೇ ತೋರಿಸಬೇಕು. ಬೇಸರದ ಸಂಗತಿ ಏನೆಂದರೆ, ಹೊಸ ತೆರಿಗೆ ಪದ್ಧತಿಯಲ್ಲಿ 2023-24 ಮತ್ತು 2024-25ರಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇತ್ತು. 2025-26ರಿಂದ ಅದು 12 ಲಕ್ಷ. 5.4 ಲಕ್ಷ ತೋರಿಸಿದ್ದರೂ ಅವರು ಒಂದು ರೂಪಾಯಿ ತೆರಿಗೆ ಕಟ್ಟಬೇಕಿರಲಿಲ್ಲ.

ಇಂಥವರಿಗೆ ಏಜೆಂಟರು ಹೇಳುವ ಅಡ್ಡದಾರಿ ಒಂದಿದೆ: ಬಾಕಿ ಇರುವ ಹಿಂದಿನ ವರ್ಷದ್ದನ್ನೂ ಈ ವರ್ಷದ್ದನ್ನೂ ಒಂದೇ ವಾರದಲ್ಲಿ ಸಲ್ಲಿಸಿಬಿಡಿ ಅಂತ. ಬೇಡ. ಸಲ್ಲಿಸಿದ ದಿನಾಂಕ ಅಕ್ನಾಲೆಡ್ಜ್‌ಮೆಂಟ್ ಮೇಲೇ ಇರುತ್ತದೆ. ಸಾಲಕ್ಕಾಗಿಯೇ ಹುಟ್ಟಿಸಿದ ಆದಾಯ ಎಂಬ ಅನುಮಾನ ಬಂದರೆ ಫೈಲ್ ಅಲ್ಲೇ ನಿಲ್ಲುತ್ತದೆ. ಒಂದೇ ವರ್ಷ ಲಾಭ ಏರಿಸಿದರೂ ಪೂರ್ತಿ ಫಲವಿಲ್ಲ. 1.8 ಮತ್ತು 5.4ರ ಸರಾಸರಿ ತೆಗೆದರೆ 3.6 ಲಕ್ಷ, ಸಾಲ ಹದಿನಾರೂವರೆ ಲಕ್ಷಕ್ಕೆ ನಿಲ್ಲುತ್ತದೆ. ಎರಡು ವರ್ಷ ನಿಜವಾದ ಲಾಭ ತೋರಿಸಿ, ಆಮೇಲೆ ಅರ್ಜಿ ಹಾಕಿ ಅಂತಲೇ ನಾನು ಹೇಳುವುದು. ಗ್ರಿಲ್‌ನವರು ಕಾದರು.

ಹಂತ 3: ಬ್ಯಾಂಕ್ ಸ್ಟೇಟ್‌ಮೆಂಟ್. ಕರೆಂಟ್ ಖಾತೆ, ಉಳಿತಾಯ ಖಾತೆ ಎರಡರದ್ದೂ 12 ತಿಂಗಳು. ನೆಟ್ ಬ್ಯಾಂಕಿಂಗ್‌ನಿಂದ ಇಳಿಸಿದ ಪಿಡಿಎಫ್ ಅನ್ನು ಹಾಗೇ ಕೊಡಿ. ಸ್ಕ್ರೀನ್‌ಶಾಟ್ ಬೇಡ. ಪುಟ ತೆಗೆಯುವುದು, ಸೇರಿಸುವುದು ಮಾಡಲೇಬೇಡಿ, ತಿದ್ದಿದ ಫೈಲ್ ಸಾಫ್ಟ್‌ವೇರ್‌ಗೆ ಸಿಕ್ಕಿಬೀಳುತ್ತದೆ.

ಆಮೇಲೆ ಜಿಎಸ್‌ಟಿ ರಿಟರ್ನ್ ಪಕ್ಕಕ್ಕಿಟ್ಟು ನೀವೇ ತಾಳೆ ಹಾಕಿ. ಗ್ರಿಲ್‌ನವರ ಖಾತೆಗೆ ಬಂದಿದ್ದು 42 ಲಕ್ಷ, ಜಿಎಸ್‌ಟಿಯಲ್ಲಿ ವಹಿವಾಟು 30 ಲಕ್ಷ. ನೋಡಿದವರಿಗೆ 12 ಲಕ್ಷ ಮುಚ್ಚಿಟ್ಟಂತೆ ಕಾಣುತ್ತದೆ, ಅಲ್ವಾ? ಬಿಡಿಸಿದರೆ, ಗಿರಾಕಿಗಳು 18% ಜಿಎಸ್‌ಟಿ ಸೇರಿಸಿ ಕೊಟ್ಟಿದ್ದು 35.4 ಲಕ್ಷ. 4 ಲಕ್ಷ ಅವರದೇ ಉಳಿತಾಯ ಖಾತೆಯಿಂದ ಬಂದಿದ್ದು. ಉಳಿದ 2.6 ಲಕ್ಷ ಭಾವನ ಹತ್ತಿರ ತೆಗೆದುಕೊಂಡ ಕೈಸಾಲ. ಇಷ್ಟನ್ನು ತಾರೀಖಿನ ಸಮೇತ ಒಂದು ಹಾಳೆಯಲ್ಲಿ ಬರೆದು ಸ್ಟೇಟ್‌ಮೆಂಟ್ ಮೇಲೆ ಪಿನ್ ಮಾಡಿಸಿದೆ. ಅರ್ಜಿಗೆ ಮುಂಚೆ ಖಾತೆ ತುಂಬಿರಲಿ ಅಂತ ಸುಮ್ನೆ ನಗದು ಕಟ್ಟುವವರಿದ್ದಾರೆ. ಅದು ಇನ್ನೊಂದು ಪ್ರಶ್ನೆಯನ್ನು ತಾವೇ ಕರೆದಂತೆ.

ಹಂತ 4: ಆಸ್ತಿ ಪತ್ರ. ಕ್ರಯಪತ್ರಗಳು, ಇ-ಖಾತಾ, ಇಸಿ, ಮಂಜೂರಾದ ನಕ್ಷೆ, ಕಂದಾಯ ರಸೀದಿ ಬೇರೆ ಫೈಲಿನಲ್ಲಿರಲಿ. ಅವನ್ನು ಬ್ಯಾಂಕಿನ ವಕೀಲರು ನೋಡುತ್ತಾರೆ.

ಗ್ರಿಲ್‌ನವರ ಎರಡನೇ ಅರ್ಜಿಗೆ ಬ್ಯಾಂಕಿನಿಂದ ಬಂದ ಪ್ರಶ್ನೆ ಒಂದೇ: ಆ 2.6 ಲಕ್ಷ ವಾಪಸ್ ಕೊಟ್ಟಾಯಿತಾ? ಭಾವನ ಸಹಿ ಇರುವ ಒಂದು ಪತ್ರ ಮತ್ತು ಹಣ ಹಿಂದಿರುಗಿಸಿದ ಪುಟ ಸೇರಿಸಿದೆವು.