ವಾರ ಕಾದು ಬರೆದ ಆರು ಸಾಲಿನ ಪತ್ರ

ಅರ್ಜಿ ಹಾಕಿ ವಾರವಾದರೂ ಸದ್ದಿಲ್ಲ ಅಂದರೆ ಒಂದು ಚಿಕ್ಕ ಪತ್ರ ಬರೆಯಬೇಕು ಅಂತ ನಾನು ಹೇಳಿದಾಗ ನಮ್ಮ ಭಾವ ನಕ್ಕಿದ್ದರು. "ಬೇಕಾದ್ರೆ ಅವರೇ ಕರೀತಾರೆ. ನೀನು ಹಿಂದೆ ಬಿದ್ರೆ ನಿನ್ನ ಬೆಲೆನೇ ಹೋಗುತ್ತೆ" ಅಂದರು. ಈಗ ನಾನು ಮಾಡುತ್ತಿರುವ ಕೆಲಸ ಸಿಕ್ಕಿದ್ದು ಅಂಥದೇ ಪತ್ರದಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ನಕ್ಕಿದ್ದಕ್ಕೂ ಕಾರಣವಿತ್ತು. ಗೋದಾಮಿನ ಸ್ಟಾಕ್ ಲೆಕ್ಕ ನೋಡುವ ಕೆಲಸಕ್ಕೆ ಅಂತ ನಾನು ಹತ್ತಿರ ಹತ್ತಿರ 40 ಕಡೆ ಅರ್ಜಿ ಹಾಕಿದ್ದೆ. ಕೈಯಲ್ಲಿದ್ದ ಉಳಿತಾಯ ಮೂರು ತಿಂಗಳಿಗೂ ಸಾಲದು. ಅದರಲ್ಲೇ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡನ್ನು ರೆಸ್ಯೂಮೆ ಬರೆದುಕೊಡುವವರಿಗೆ ಸುರಿದೆ. ರೆಸ್ಯೂಮೆ ಚೆಂದ ಬಂತು, ಉತ್ತರ ಬರಲಿಲ್ಲ. ಆತಂಕದಲ್ಲಿ ಎರಡನೇ ದಿನವೇ "ನನ್ನ ಅರ್ಜಿ ನೋಡಿದಿರಾ?" ಅಂತ ಬರೆಯತೊಡಗಿದೆ. ಒಂದು ಕಡೆಯಂತೂ ಒಂದೇ ಪತ್ರವನ್ನು ಅಲ್ಲಿನ ಐದು ಜನಕ್ಕೆ ಒಟ್ಟಿಗೆ ಕಳಿಸಿದೆ. ಉತ್ತರಿಸುವುದು ಬೇರೆಯವರ ಕೆಲಸ ಅಂತ ಐವರೂ ಅಂದುಕೊಂಡಿರಬೇಕು. ಓದಿದ್ದು ಗೊತ್ತಾಗಲಿ ಅಂತ ರೀಡ್ ರಿಸೀಟ್ ಕೇಳಿಯೂ ನೋಡಿದೆ. ಒಬ್ಬರು ಮಾತ್ರ, ಅದೂ ಸ್ವಲ್ಪ ಸಿಡುಕಿನಿಂದ, "ಇನ್ನೂ ಕೊನೆಯ ದಿನವೇ ಮುಗಿದಿಲ್ಲ" ಅಂತ ಬರೆದರು.

ಆ ಸಿಡುಕಿನಿಂದಲೇ ನನಗೆ ಬುದ್ಧಿ ಬಂದಿದ್ದು. ನಾನು ವಾರವನ್ನು ಎಣಿಸುತ್ತಿದ್ದುದು ಅರ್ಜಿ ಕಳಿಸಿದ ದಿನದಿಂದ. ಜಾಹೀರಾತಿನಲ್ಲಿ ಕೊನೆಯ ದಿನ ಕೊಟ್ಟಿದ್ದರೆ ಅಲ್ಲಿಯವರೆಗೆ ಎಷ್ಟೋ ಕಡೆ ಅರ್ಜಿಗಳನ್ನು ತೆರೆದೂ ನೋಡಿರುವುದಿಲ್ಲ. ಆಗ ಏಳು ದಿನ ಎಣಿಸಬೇಕಾದ್ದು ಕೊನೆಯ ದಿನದಿಂದ. ದಿನಾಂಕ ಕೊಡದಿದ್ದರೆ ಮಾತ್ರ ಕಳಿಸಿದ ದಿನದಿಂದ.

ಕೆಲಸ ಸಿಕ್ಕ ಅರ್ಜಿಯ ಕಥೆ ಹೀಗಿದೆ. 3ನೇ ತಾರೀಕು ಕಳಿಸಿದ್ದೆ, ಕೊನೆಯ ದಿನ 5. ಹದಿಮೂರರ ಬೆಳಿಗ್ಗೆ ಹೊಸ ಮೇಲ್ ಬರೆಯುವ ಬದಲು, ಕಳಿಸಿದ ಮೇಲ್‌ಗಳಲ್ಲಿ ಹಳೆಯದನ್ನು ತೆರೆದೆ. ಅದಕ್ಕೇ ರಿಪ್ಲೈ ಮಾಡಿದರೆ ಮೊದಲಿನ ಅರ್ಜಿ ಕೆಳಗೇ ಇರುತ್ತದೆ, ಓದುವವರು ಹುಡುಕಬೇಕಿಲ್ಲ. ತೆರೆದು ನೋಡಿದರೆ ಎದೆ ಧಸಕ್ಕೆಂದಿತು: ರೆಸ್ಯೂಮೆ ಲಗತ್ತಿಸಿಯೇ ಇರಲಿಲ್ಲ! ಅವರು ಸುಮ್ಮನಿದ್ದುದಕ್ಕೆ ಹತ್ತು ದಿನ ಅವರನ್ನೇ ಬೈದುಕೊಂಡಿದ್ದೆ.

ಬರೆದದ್ದು ಇಷ್ಟೇ:

"ನಮಸ್ಕಾರ ಮೇಡಂ. ಸ್ಟಾಕ್ ಸಹಾಯಕರ ಹುದ್ದೆಗೆ 3ನೇ ತಾರೀಕು ಅರ್ಜಿ ಕಳಿಸಿದ್ದೆ. ಅದರಲ್ಲಿ ರೆಸ್ಯೂಮೆ ಬಿಟ್ಟುಹೋಗಿತ್ತು, ಕ್ಷಮಿಸಿ, ಈಗ ಲಗತ್ತಿಸಿದ್ದೇನೆ. ನೀವು ಕೇಳಿದ್ದ ತಿಂಗಳ ಕೊನೆಯ ಎಣಿಕೆಯನ್ನು ಹಿಂದಿನ ಕೆಲಸದಲ್ಲಿ ಎರಡು ವರ್ಷ ನಾನೇ ನೋಡಿಕೊಂಡಿದ್ದೆ. ಅರ್ಜಿಯನ್ನು ಇನ್ನೂ ಪರಿಗಣಿಸಬಹುದೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ವಂದನೆಗಳು."

ಕೆಳಗೆ ಹೆಸರು, ಫೋನ್ ನಂಬರ್. ತಪ್ಪಿಗೆ ಒಂದೇ ಸಾಲು, ಸಬೂಬು ಇಲ್ಲ. ಪ್ರಶ್ನೆಯೂ ಒಂದೇ, ಹೌದು ಅಥವಾ ಇಲ್ಲ ಅಂದರೆ ಮುಗಿಯುವಂಥದ್ದು. ಎರಡು ವರ್ಷದ ಎಣಿಕೆಯ ಮಾತು ಮೊದಲ ಅರ್ಜಿಯಲ್ಲಿ ಇರಲಿಲ್ಲ, ಬೇಕೆಂದೇ ಇಲ್ಲಿ ಸೇರಿಸಿದೆ. ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರೆ ಅದು ಬರೀ ಜ್ಞಾಪನೆ ಆಗುತ್ತದೆ. ಇನ್ನೊಂದು ಮಾತು: ರಿಪ್ಲೈ ಒತ್ತಿದರೆ ಹಳೆಯ ಲಗತ್ತು ತಾನಾಗಿ ಜೊತೆಗೆ ಹೋಗುವುದಿಲ್ಲ. ಮೊದಲ ಸಲ ಸರಿಯಾಗಿ ಕಳಿಸಿದ್ದರೂ ಮತ್ತೆ ಹಚ್ಚಬೇಕು.

ಮರುದಿನ ಮಧ್ಯಾಹ್ನ ಫೋನ್ ಬಂತು. ರೆಸ್ಯೂಮೆ ಇಲ್ಲದ ಅರ್ಜಿಗಳನ್ನು ಅವರು ಪಕ್ಕಕ್ಕಿಟ್ಟಿದ್ದರಂತೆ.

ಇದು ಎಲ್ಲ ಕಡೆ ನಡೆಯುವುದಿಲ್ಲ. ಅರ್ಜಿ ಪೋರ್ಟಲ್‌ನಲ್ಲೇ ಹಾಕಿದ್ದು, ಬಂದ ಮೇಲ್ noreply ವಿಳಾಸದ್ದಾದರೆ, ಅದಕ್ಕೆ ಉತ್ತರಿಸಿ ಪ್ರಯೋಜನವಿಲ್ಲ. ಮನುಷ್ಯರ ವಿಳಾಸ ಹುಡುಕಬೇಕು. ಅದನ್ನು ನಾನು ಹೇಗೆ ಹುಡುಕುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನು, ವಿಚಾರಣೆಗೆ ಯಾರೂ ಸಂಪರ್ಕಿಸಬಾರದು ಅಂತ ಜಾಹೀರಾತಿನಲ್ಲೇ ಬರೆದಿದ್ದರೆ ಸುಮ್ನೆ ಇದ್ದುಬಿಡುವುದೇ ಒಳ್ಳೆಯದು.

ಆಮೇಲೆ ಹಳೆಯ ಅರ್ಜಿಗಳ ಮೇಲೂ ಇದನ್ನು ಹಾಕಿ ನೋಡಿದೆ. ನೆನಪಿನಿಂದ ಹೇಳುವುದಾದರೆ 15 ಕಡೆ ಬರೆದೆ, ಆರು ಕಡೆಯಿಂದ ಉತ್ತರ ಬಂತು. ನಾಲ್ಕು "ಹುದ್ದೆ ತುಂಬಿದೆ" ಅನ್ನುವವು. ಆ ನಾಲ್ಕನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಉತ್ತರವೇ ಕೊಡದ ಒಂಬತ್ತು ಕಡೆಗೆ ಇನ್ನೊಂದು ವಾರ ಬಿಟ್ಟು ಮತ್ತೆ ಬರೆದೆ, ಆಗಲೂ ಒಬ್ಬರೂ ಉತ್ತರಿಸಲಿಲ್ಲ. ಹಾಗಾಗಿ ಈಗ ಒಂದೇ ಪತ್ರ, ಎರಡನೆಯದು ಇಲ್ಲ.

ಮೊನ್ನೆ ಭಾವ ಫೋನ್ ಮಾಡಿ, ಮಗನಿಗೆ ಬೇಕು, ಆ ಪತ್ರ ಕಳಿಸು ಅಂದರು. ಮೊದಲು ಕಳಿಸಿದ ಮೇಲ್ ತೆರೆದು ನೋಡೋಕೆ ಹೇಳಿ ಅಂದೆ.